ಪರೀಕ್ಷೆಗೆ ಹತ್ತು ವಾರ: ಆಫೀಸ್ ಕ್ಯಾಲೆಂಡರಿನಲ್ಲಿ ಓದಿನ ಹೊತ್ತು ಉಳಿಸಿಕೊಳ್ಳುವುದು

ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ ಕೆಲಸದ ಜೊತೆಯಲ್ಲೇ ಓದುವವರಿಗೆ ವಿಡಿಯೊ ಪಾಠ, ಪ್ರಶ್ನೆ ಸಂಗ್ರಹ ಯಾವುದಕ್ಕೂ ಬರವಿಲ್ಲ. ಬರ ಇರುವುದು ಹೊತ್ತಿಗೆ. ಅದರಲ್ಲೂ ಬೆಂಗಳೂರಿನಲ್ಲಿ ಕೂತು ಅಮೆರಿಕದ ಪೂರ್ವ ಕರಾವಳಿಯ ತಂಡದ ಜೊತೆ ಕೆಲಸ ಮಾಡುವವರಿಗೆ ಸಂಜೆ ಆರರ ಮೇಲಿನ ಹೊತ್ತು ತಮ್ಮದೋ ಆಫೀಸಿನದೋ ಎಂಬುದೇ ಗೊತ್ತಿರುವುದಿಲ್ಲ. ನಮ್ಮಲ್ಲಿ ಈ ಪರೀಕ್ಷೆಗೆ ತಯಾರಾಗುವವರು ಕ್ಯಾಲೆಂಡರಿನಲ್ಲಿ ಓದಿನ ಬ್ಲಾಕ್ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ಮೊದಲಿಂದ ಕೊನೆಯವರೆಗೆ ಹೇಳುತ್ತೇವೆ. ಲೆಕ್ಕಕ್ಕೆ ಒಂದು ನಿಜವಾದ ಅವಧಿ ಬೇಕಲ್ಲ. 2026ರ ಸೆಪ್ಟೆಂಬರ್ 21ರ ಸೋಮವಾರ ಶುರು ಮಾಡಿ ನವೆಂಬರ್ 28ರ ಶನಿವಾರ ಪರೀಕ್ಷೆ ಬರೆಯುವ ಯೋಜನೆಯನ್ನೇ ಹಿಡಿಯೋಣ.

ಮೊದಲು ಮಾಡಬೇಕಾದ್ದು ಬ್ಲಾಕ್ ಹಾಕುವುದಲ್ಲ, ಪರೀಕ್ಷೆಯ ದಿನ ಗೊತ್ತು ಮಾಡುವುದು. ನವೆಂಬರ್ 28 ಅನ್ನು ಸುಮ್ಮನೆ ಆರಿಸಿಲ್ಲ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆ. 2026ರಲ್ಲಿ ಅದು 26ನೇ ತಾರೀಕು ಬರುತ್ತದೆ. ಮರುದಿನ ಶುಕ್ರವಾರವೂ ಅಲ್ಲಿನ ಬಹಳ ಜನ ಕೆಲಸಕ್ಕೆ ಬರುವುದಿಲ್ಲ. ಅಂದರೆ ಪರೀಕ್ಷೆಯ ಹಿಂದಿನ ಎರಡು ಸಂಜೆ ಯಾರಿಗೂ ಏನನ್ನೂ ಕೇಳಿಕೊಳ್ಳದೆ ಖಾಲಿಯಾಗುತ್ತವೆ. ರಜೆ ಹಾಕಿ ಎರಡು ದಿನ ಗಿಟ್ಟಿಸಿಕೊಳ್ಳುವ ಬದಲು, ಆ ಕಡೆಯವರ ರಜೆಯ ಪಕ್ಕಕ್ಕೆ ಪರೀಕ್ಷೆಯನ್ನು ತಂದು ಇಡುವುದು ಅಗ್ಗದ ದಾರಿ. ಯುರೋಪಿನ ತಂಡದ ಜೊತೆ ಕೆಲಸ ಮಾಡುವವರು ಇದೇ ಲೆಕ್ಕವನ್ನು ಕ್ರಿಸ್‌ಮಸ್ ವಾರಕ್ಕೆ ಹಾಕಬಹುದು.

ದಿನ ಕಾದಿರಿಸುವ ಮುಂಚೆ ಇನ್ನೊಂದು ಕೆಲಸವಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವುದಾದರೆ 30 ನಿಮಿಷ ಹೆಚ್ಚಿಗೆ ಕೇಳಬಹುದು. ಎಡಬ್ಲ್ಯೂಎಸ್ ಸರ್ಟಿಫಿಕೇಶನ್ ಖಾತೆಯಲ್ಲಿ ಅದರ ಹೆಸರು ESL +30. ಪರೀಕ್ಷೆ ಕಾದಿರಿಸಿದ ಮೇಲೆ ಕೇಳಿದರೆ ಆ ಪರೀಕ್ಷೆಗೆ ಅದು ಅನ್ವಯವಾಗುವುದಿಲ್ಲ, ಮುಂಚೆಯೇ ಕೇಳಿಟ್ಟಿರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮಾತ್ರ ಎಂದು ಹಲವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ, ಹಾಗೇನೂ ಇಲ್ಲ. ಇದನ್ನು ಮೊದಲೇ ಹೇಳಲು ಕಾರಣ, ಪರೀಕ್ಷೆ 130 ನಿಮಿಷವೋ 160 ನಿಮಿಷವೋ ಎಂಬುದರ ಮೇಲೆ ಶನಿವಾರದ ಬ್ಲಾಕಿನ ಉದ್ದ ನಿಂತಿದೆ. ಜೊತೆಗೆ ದುಡ್ಡು ಕಟ್ಟುವ ದಿನ ಪರೀಕ್ಷೆಯ ಆವೃತ್ತಿಯನ್ನೂ ಒಮ್ಮೆ ನೋಡಿಕೊಳ್ಳಿ. ಇಲ್ಲಿರುವ ಅಂಕಿಗಳೆಲ್ಲ SAA-C03 ಆವೃತ್ತಿಯವು.

ಇನ್ನು ವಾರದ ಆಕಾರ. ಸೋಮವಾರ, ಮಂಗಳವಾರ, ಗುರುವಾರ ಬೆಳಿಗ್ಗೆ 6ರಿಂದ 7.15. ಬುಧವಾರ ಮಧ್ಯಾಹ್ನ 1.30ರಿಂದ 2.15, ಆಫೀಸಿನಲ್ಲೇ. ಶನಿವಾರ ಬೆಳಿಗ್ಗೆ 7ರಿಂದ 10. ಕೂಡಿದರೆ ವಾರಕ್ಕೆ ಏಳೂವರೆ ಗಂಟೆ. ಹತ್ತು ವಾರಕ್ಕೆ 75 ಎಂದು ಬರೆದುಕೊಳ್ಳುವುದು ಸುಲಭ, ಆದರೆ ಕೊನೆಯ ಶನಿವಾರ ಪರೀಕ್ಷೆಯೇ ಇರುವುದರಿಂದ ಅದರ ಮೂರು ಗಂಟೆ ಲೆಕ್ಕಕ್ಕಿಲ್ಲ. ಉಳಿಯುವುದು 72. ಇದರಲ್ಲಿ ಐದರಲ್ಲಿ ಒಂದು ಪಾಲು ಹೋಗಿಯೇ ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಂಡರೆ ಕೈಗೆ ಸಿಗುವುದು ಸುಮಾರು 57 ಗಂಟೆ. ಒಂದೆರಡು ವರ್ಷ ಎಡಬ್ಲ್ಯೂಎಸ್ ಮೇಲೆ ಕೆಲಸ ಮಾಡಿದವರಿಗೆ ಅಷ್ಟು ಸಾಕು ಎಂಬುದು ನಮ್ಮ ಅಂದಾಜು. ಇಸಿ2 ಮತ್ತು ಎಸ್3 ಬಿಟ್ಟು ಬೇರೇನೂ ಮುಟ್ಟದವರು ಹತ್ತು ವಾರವನ್ನು ಹದಿನಾಲ್ಕು ಮಾಡಿಕೊಳ್ಳಲಿ. ದಿನದ ಬ್ಲಾಕನ್ನು ಉದ್ದ ಮಾಡುವುದು ಬೇಡ. ಬೆಳಗಿನ 75 ನಿಮಿಷವನ್ನು ಎರಡು ಗಂಟೆಗೆ ಎಳೆದರೆ 5.15ಕ್ಕೆ ಏಳಬೇಕಾಗುತ್ತದೆ, ರಾತ್ರಿ ಹತ್ತೂವರೆಯವರೆಗೆ ಮೀಟಿಂಗ್ ಇರುವ ದಿನ ಅದು ಆಗದ ಮಾತು.

ಏಳೂವರೆ ಗಂಟೆಯ ಹೊರಗೆ ಇನ್ನೊಂದು ಬ್ಲಾಕ್ ಇದೆ: ಭಾನುವಾರ ಸಂಜೆ 5ರಿಂದ 6.15. ಇದು ಸ್ಟೆಪ್ನಿ. ವಾರದಲ್ಲಿ ಒಂದು ಬೆಳಗು ತಪ್ಪಿಹೋಗಿದ್ದರೆ ಮಾತ್ರ ಇದನ್ನು ಬಳಸಬೇಕು. ಏನೂ ತಪ್ಪಿಲ್ಲದಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ. ಸ್ಟೆಪ್ನಿಯ ಉದ್ದ ಬೆಳಗಿನ ಬ್ಲಾಕಿನಷ್ಟೇ, ಅದೇ 75 ನಿಮಿಷ, ಏಕೆಂದರೆ ಹೋದದ್ದನ್ನು ಹಾಗೇ ಎತ್ತಿ ಇಲ್ಲಿ ಇಡುವಂತಿರಬೇಕು. ವಾರಕ್ಕೆ ಎರಡು ಬ್ಲಾಕ್ ಹೋದರೆ? ಒಂದನ್ನು ಬಿಟ್ಟುಬಿಡಿ. ಅದನ್ನು ಮುಂದಿನ ವಾರಕ್ಕೆ ಸಾಗಿಸಿದರೆ ಆ ವಾರವೂ ತುಂಬಿ ತುಳುಕಿ, ಮೂರನೇ ವಾರಕ್ಕೆ ಬಾಕಿಯ ಪಟ್ಟಿಯೊಂದೇ ಉಳಿಯುತ್ತದೆ. ಐದರಲ್ಲೊಂದು ಪಾಲನ್ನು ಮೊದಲೇ ಕಳೆದಿರುವುದು ಇದಕ್ಕೇ.

ಸಂಜೆ ಏಕೆ ಬೇಡ ಎಂದು ಎಲ್ಲರೂ ಕೇಳುತ್ತಾರೆ. ಸೆಪ್ಟೆಂಬರಿನಲ್ಲಿ ಕ್ಯಾಲೆಂಡರ್ ತೆರೆದು ನೋಡಿದರೆ ಸಂಜೆಯೇ ಚೆನ್ನಾಗಿ ಕಾಣುತ್ತದೆ. ನ್ಯೂಯಾರ್ಕಿನ ತಂಡದ ಜೊತೆಗಿನ ದಿನದ ಮೀಟಿಂಗ್ ಅಲ್ಲಿನ ಬೆಳಿಗ್ಗೆ 8.30ಕ್ಕೆ ಎಂದಿಟ್ಟುಕೊಳ್ಳಿ. ಬೇಸಿಗೆ ಸಮಯದಲ್ಲಿ ಅದು ನಮಗೆ ಸಂಜೆ 6. ಏಳಕ್ಕೆ ಮುಗಿಯುತ್ತದೆ, 7.15ರಿಂದ 8.30 ಓದಿಗೆ ಎಂದು ಬ್ಲಾಕ್ ಹಾಕುತ್ತೀರಿ, ಐದಾರು ವಾರ ಏನೂ ತೊಂದರೆಯಿಲ್ಲದೆ ನಡೆಯುತ್ತದೆ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಸೋಮವಾರ ಬೆಳಗಾದರೆ ಅದೇ 8.30ರ ಮೀಟಿಂಗ್ ನಮಗೆ ಸಂಜೆ 7ಕ್ಕೆ ಬಂದು ಕೂತಿರುತ್ತದೆ. ನಿಮ್ಮ ಓದಿನ ಬ್ಲಾಕ್ ಭಾರತದ ಸಮಯಕ್ಕೆ ಕಟ್ಟಿದ್ದರಿಂದ ಅಲ್ಲೇ ಇರುತ್ತದೆ. ಮೀಟಿಂಗ್ ನ್ಯೂಯಾರ್ಕಿನ ಸಮಯಕ್ಕೆ ಕಟ್ಟಿದ್ದರಿಂದ ಸರಿದು ಬರುತ್ತದೆ. ಪರೀಕ್ಷೆಗೆ ಸರಿಯಾಗಿ ನಾಲ್ಕು ವಾರ ಇರುವಾಗ ಸಂಜೆಯ ಬ್ಲಾಕುಗಳೆಲ್ಲ ಒಂದೇ ದಿನ ಹೋದಂತಾಯಿತು.

ಲಂಡನ್ನಿನವರು ಸೇರುವ ಮೀಟಿಂಗ್ ಇದ್ದರೆ ಇನ್ನೊಂದು ಸುತ್ತು ಗೊಂದಲ. ಅಲ್ಲಿ ಗಡಿಯಾರ ತಿರುಗುವುದು ಅಕ್ಟೋಬರಿನ ಕೊನೆಯ ಭಾನುವಾರ, ಅಂದರೆ 25ನೇ ತಾರೀಕು. ಅಕ್ಟೋಬರ್ 25ರಿಂದ ನವೆಂಬರ್ 1ರವರೆಗಿನ ಆ ಒಂದು ವಾರ ಲಂಡನ್ನಿನ ಮೀಟಿಂಗುಗಳು ಸರಿದಿರುತ್ತವೆ, ನ್ಯೂಯಾರ್ಕಿನವು ಸರಿದಿರುವುದಿಲ್ಲ. ಆ ವಾರದ ಸಂಜೆಗಳನ್ನು ನಂಬಲೇಬೇಡಿ. ಮಾರ್ಚಿನಲ್ಲಿ ಇದೇ ಕಥೆ ಹಿಂದುಮುಂದಾಗಿ ನಡೆಯುತ್ತದೆ: ಅಮೆರಿಕದ್ದು ಎರಡನೇ ಭಾನುವಾರ, ಬ್ರಿಟನ್ನಿನದು ಕೊನೆಯ ಭಾನುವಾರ.

ಇದನ್ನು ಮೊದಲೇ ಪತ್ತೆ ಮಾಡುವುದು ಎರಡು ನಿಮಿಷದ ಕೆಲಸ. ಯೋಜನೆ ಹಾಕುವ ದಿನವೇ ಕ್ಯಾಲೆಂಡರನ್ನು ನವೆಂಬರ್ 2ರ ವಾರಕ್ಕೆ ಓಡಿಸಿ ನೋಡಿ. ನ್ಯೂಯಾರ್ಕಿನ ಸಮಯದಲ್ಲಿ ಮಾಡಿದ ಪುನರಾವರ್ತಿತ ಮೀಟಿಂಗುಗಳು ಅಲ್ಲಿ ಈಗಾಗಲೇ ಸರಿದು ಕಾಣುತ್ತವೆ. ಸರಿಯದೆ ನಿಂತಿರುವ ಮೀಟಿಂಗನ್ನು ಇಲ್ಲಿಯ ಯಾರೋ ಭಾರತದ ಸಮಯದಲ್ಲಿ ಮಾಡಿರುತ್ತಾರೆ. ಅದು ನಿಂತಿದೆ ಎಂದು ನೆಮ್ಮದಿಪಡಬೇಡಿ: ಆ ಕಡೆಯವರಿಗೆ ಅದು 7.30ಕ್ಕೆ ಇಳಿದಿರುತ್ತದೆ, ಒಂದು ವಾರದಲ್ಲಿ ‘ಒಂದು ಗಂಟೆ ಮುಂದಕ್ಕೆ ಹಾಕೋಣವೇ’ ಎಂಬ ಕೇಳಿಕೆ ಬರುವುದು ಖಂಡಿತ. ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಜೋನ್ ಆಗಿ ನ್ಯೂಯಾರ್ಕನ್ನು ಸೇರಿಸಿಕೊಂಡರೆ ಎಡಗಡೆ ಎರಡೂ ಗಡಿಯಾರ ಅಕ್ಕಪಕ್ಕ ಕಾಣುತ್ತವೆ, ತಲೆಲೆಕ್ಕ ಬೇಕಿಲ್ಲ. ಬೆಳಿಗ್ಗೆ ಆರರ ಬ್ಲಾಕಿಗೆ ಈ ಯಾವ ತಾಪತ್ರಯವೂ ಇಲ್ಲ. ನ್ಯೂಯಾರ್ಕಿನಲ್ಲಿ ಆಗ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಅಲ್ಲಿಯವರು ಊಟಕ್ಕೆ ಕೂತಿರುತ್ತಾರೆ. ಆದರೆ ಕ್ಯಾಲಿಫೋರ್ನಿಯಾದ ತಂಡವಾದರೆ ಲೆಕ್ಕ ಬೇರೆ: ನಮ್ಮ ಬೆಳಿಗ್ಗೆ ಆರು ಅವರಿಗೆ ಬೇಸಿಗೆಯಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಕೆಲಸದ ಹೊತ್ತು ಇನ್ನೂ ಮುಗಿದಿರುವುದಿಲ್ಲ. ಅಂಥವರು ಬೆಳಗಿನ ಬ್ಲಾಕನ್ನು 5.30ರಿಂದ ಅಲ್ಲ, 8ರಿಂದ ಹುಡುಕಿಕೊಳ್ಳುವುದು ಒಳ್ಳೆಯದು.

ಜಾಗ ಗೊತ್ತಾಯಿತು. ಇನ್ನು ಅದು ಬೇರೆಯವರ ಕಣ್ಣಿಗೆ ಬೀಳಬೇಕು. ಬ್ಲಾಕ್ ಹಾಕಿಯೂ ಅದರ ಮೇಲೆ ಮೀಟಿಂಗ್ ಬೀಳುತ್ತಿದೆ ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿದೆ. ಬಹಳ ಜನ ಓದಿನ ಬ್ಲಾಕನ್ನು ಸ್ವಂತ ಜಿಮೇಲ್ ಕ್ಯಾಲೆಂಡರಿನಲ್ಲಿ ಹಾಕಿ, ಆ ಕ್ಯಾಲೆಂಡರನ್ನು ಆಫೀಸಿನ ಖಾತೆಗೆ ಹಂಚಿಕೊಳ್ಳುತ್ತಾರೆ. ಆಫೀಸಿನ ಪರದೆಯಲ್ಲಿ ಎರಡೂ ಒಂದರ ಮೇಲೊಂದು ಚೆನ್ನಾಗಿ ಕಾಣುತ್ತವೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಹಾಗೆ ಕಾಣುವುದು ಅವರಿಗೆ ಮಾತ್ರ. ಸಹೋದ್ಯೋಗಿ ಮೀಟಿಂಗ್ ಇಡಲು Find a time ತೆರೆದಾಗ ನೋಡುವುದು ನಿಮ್ಮ ಆಫೀಸ್ ಖಾತೆಯ ಮುಖ್ಯ ಕ್ಯಾಲೆಂಡರನ್ನು. ಅದೇ ಖಾತೆಯಲ್ಲಿ ನೀವು ‘ಓದು’ ಎಂದು ಇನ್ನೊಂದು ಕ್ಯಾಲೆಂಡರ್ ಮಾಡಿಕೊಂಡಿದ್ದರೆ ಅದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಬ್ಲಾಕ್ ಆಫೀಸಿನ ಮುಖ್ಯ ಕ್ಯಾಲೆಂಡರಿನಲ್ಲೇ ಹುಟ್ಟಬೇಕು. ಮನೆಯ ಫೋನಿನಲ್ಲೂ ಬೇಕೆಂದರೆ ಸ್ವಂತ ಮೇಲ್ ವಿಳಾಸವನ್ನು ಅತಿಥಿಯಾಗಿ ಸೇರಿಸಿ. ಸರಿಯಾಗಿದೆಯೇ ಎಂದು ನೋಡುವ ಬಗೆ ಒಂದೇ: ಪಕ್ಕದ ಸೀಟಿನವರಿಗೆ ‘ಗುರುವಾರ ಬೆಳಿಗ್ಗೆ ನನ್ನ ಜೊತೆ ಒಂದು ಮೀಟಿಂಗ್ ಇಡೋಕೆ ಹೋಗಿ ನೋಡಿ, ಕಳಿಸ್ಬೇಡಿ’ ಎಂದು ಹೇಳಿ ಅವರ ಪರದೆಯನ್ನೇ ನೋಡುವುದು.

ಬ್ಲಾಕ್ ಮಾಡುವಾಗ ಎರಡು ಆಯ್ಕೆ ಗಮನಿಸಬೇಕು. ಒಂದು, Busy ಎಂದಿರಬೇಕು. Free ಎಂದಾಗಿದ್ದರೆ ಬ್ಲಾಕ್ ನಿಮಗೆ ಕಾಣುತ್ತದೆ, ಬೇರೆಯವರಿಗೆ ನೀವು ಖಾಲಿ. ಇಡೀ ದಿನದ ಈವೆಂಟ್ ಮಾಡಿದರೆ ಈ ತಪ್ಪು ಹೆಚ್ಚು, ಅಲ್ಲಿ ಶುರುವಿಗೇ Free ಇರುತ್ತದೆ. ಔಟ್‌ಲುಕ್ಕಿನಲ್ಲಿ Show As ಎಂಬಲ್ಲಿ Tentative ಎಂದು ಇಟ್ಟರೆ ಗೆರೆಗೆರೆಯಾಗಿ ಕಾಣುತ್ತದೆ. ‘ಇದು ಖಚಿತವಲ್ಲ’ ಎಂದು ಓದಿಕೊಂಡು ಜನ ಅದರ ಮೇಲೇ ಮೀಟಿಂಗ್ ಇಡುತ್ತಾರೆ. ಎರಡನೆಯದು Private. ಇದರಿಂದ ಬ್ಲಾಕಿನ ವಿಷಯ ಸಹೋದ್ಯೋಗಿಗಳಿಗೆ ಕಾಣುವುದಿಲ್ಲ, ಹೊತ್ತು ಮಾತ್ರ ಕಾಣುತ್ತದೆ. ಸರ್ಟಿಫಿಕೇಶನ್ ಓದುತ್ತಿದ್ದಾರೆ ಎಂದರೆ ಬೇರೆ ಕಂಪನಿ ಹುಡುಕುತ್ತಿದ್ದಾರೆ ಎಂದೇ ಅರ್ಥ ಮಾಡಿಕೊಳ್ಳುವ ಆಫೀಸುಗಳು ಇವೆ, ಅಲ್ಲಿ ಇದು ಬೇಕಾಗುತ್ತದೆ. ಕಂಪನಿಯೇ ಶುಲ್ಕ ಕೊಡುತ್ತಿದ್ದರೆ ಮುಚ್ಚಿಡುವುದರಿಂದ ನಷ್ಟವೇ ಹೆಚ್ಚು; ಬ್ಲಾಕಿಗೆ ಪರೀಕ್ಷೆಯ ಹೆಸರಿದ್ದರೆ ಜನ ಸ್ವಲ್ಪ ಹಿಂಜರಿಯುತ್ತಾರೆ.

ಕಂಪನಿಯ ಗೂಗಲ್ ಖಾತೆಗಳಲ್ಲಿ Focus time ಎಂಬ ಬೇರೆಯೇ ಬಗೆಯ ಈವೆಂಟ್ ಇರುತ್ತದೆ. ಆ ಹೊತ್ತಿನಲ್ಲಿ ಚಾಟ್ ಸದ್ದನ್ನು ನಿಲ್ಲಿಸುತ್ತದೆ, ಬೇಕೆಂದರೆ ಮೇಲೆ ಬೀಳುವ ಮೀಟಿಂಗುಗಳನ್ನು ತಾನೇ ನಿರಾಕರಿಸುತ್ತದೆ. ಮೊದಲನೆಯದು ಉಪಯುಕ್ತ. ಎರಡನೆಯದನ್ನು ಬುಧವಾರದ ಮಧ್ಯಾಹ್ನಕ್ಕೆ ಹಾಕಬೇಡಿ ಎನ್ನುತ್ತೇವೆ. ಕಾರಣ, ಅದು ಯಾರ ಆಹ್ವಾನ ಎಂದು ನೋಡುವುದಿಲ್ಲ. ಗ್ರಾಹಕರ ಕಡೆಯ ಹಿರಿಯರು ಕಳಿಸಿದ್ದಕ್ಕೂ ಅದೇ ಒಣ ನಿರಾಕರಣೆ ಹೋಗುತ್ತದೆ, ನಿಮಗೆ ಗೊತ್ತಾಗುವ ಹೊತ್ತಿಗೆ ಅವರು ನಿಮ್ಮ ಮ್ಯಾನೇಜರಿಗೆ ಬರೆದಿರುತ್ತಾರೆ. ಬೆಳಿಗ್ಗೆ ಆರರ ಬ್ಲಾಕಿಗಾದರೆ ಹಾಕಬಹುದು, ಆ ಹೊತ್ತಿಗೆ ಮೀಟಿಂಗ್ ಕಳಿಸುವವರು ಸಮಯ ನೋಡದೆ ಕಳಿಸಿದವರೇ. ಅದರಲ್ಲೂ ಹೊಸ ಆಹ್ವಾನಗಳಿಗೆ ಮಾತ್ರ ಎಂಬ ಆಯ್ಕೆ ಇರಲಿ. ಈಗಾಗಲೇ ಇರುವವನ್ನೂ ಸೇರಿಸಿದರೆ ಹಳೆಯ ತಿಂಗಳ ಸಭೆಯೊಂದು ಸದ್ದಿಲ್ಲದೆ ಕೈಬಿಟ್ಟು ಹೋಗುತ್ತದೆ.

ಮಧ್ಯಾಹ್ನದ 45 ನಿಮಿಷವನ್ನು ಉಳಿಸುವುದು ಸಾಫ್ಟ್‌ವೇರಿಗಿಂತ ಮೊದಲೇ ಹೇಳಿಟ್ಟ ಒಂದು ಮಾತು. ಮ್ಯಾನೇಜರಿಗೆ ಎರಡು ಸಾಲಿನ ಸಂದೇಶ ಸಾಕು: ‘ಸರ್, ನವೆಂಬರ್ ಕೊನೆಯವರೆಗೆ ಬುಧವಾರ ಒಂದೂವರೆಯಿಂದ ಎರಡೂಕಾಲು ಕ್ಯಾಲೆಂಡರ್ ಬ್ಲಾಕ್ ಮಾಡಿದ್ದೀನಿ, ಸರ್ಟಿಫಿಕೇಶನ್ ತಯಾರಿಗೆ. ಪ್ರೊಡಕ್ಷನ್‌ನಲ್ಲಿ ಏನಾದ್ರೂ ಆದ್ರೆ ಫೋನ್ ಮಾಡಿ, ಎದ್ದು ಬರ್ತೀನಿ.’ ಕೊನೆಯ ದಿನಾಂಕ ಮತ್ತು ಯಾವುದಕ್ಕೆ ಎಬ್ಬಿಸಬಹುದು ಎಂಬುದು, ಇವೆರಡೂ ಅದರಲ್ಲಿ ಇರಲೇಬೇಕು. ದಿನಾಂಕವಿಲ್ಲದ ಬ್ಲಾಕ್ ಶಾಶ್ವತವಾಗಿ ಕಾಣುತ್ತದೆ, ಅದಕ್ಕೆ ಯಾರೂ ಒಪ್ಪುವುದಿಲ್ಲ. ಎಬ್ಬಿಸುವ ಕಾರಣ ಹೇಳದಿದ್ದರೆ ಎಲ್ಲದಕ್ಕೂ ಎಬ್ಬಿಸುತ್ತಾರೆ. ಮನೆಯಲ್ಲೂ ಇಷ್ಟೇ. ಬೆಳಿಗ್ಗೆ 7.15ಕ್ಕೆ ಬ್ಲಾಕ್ ಮುಗಿಯುವುದು ಶಾಲೆಯ ವ್ಯಾನ್ ಬರುವ ಹೊತ್ತಿಗೆ ಹೊಂದುವಂತೆ ಇರಬೇಕು, 7.30ರವರೆಗೆ ಎಳೆದರೆ ಡಬ್ಬಿ ಕಟ್ಟುವವರು ಒಬ್ಬರೇ ಆಗುತ್ತಾರೆ, ಎರಡನೇ ವಾರಕ್ಕೇ ಆ ಬ್ಲಾಕಿಗೆ ಮನೆಯಿಂದ ವಿರೋಧ ಶುರು.

ನೆನಪಿಸುವ ಗಂಟೆಯ ಬಗ್ಗೆ ಒಂದು ಸಣ್ಣ ವಿಷಯ. ಗೂಗಲ್ ಕ್ಯಾಲೆಂಡರ್ ಸಾಮಾನ್ಯವಾಗಿ ಹತ್ತು ನಿಮಿಷ ಮೊದಲು ನೆನಪಿಸುತ್ತದೆ. ಆರಕ್ಕೆ ಶುರುವಾಗುವ ಬ್ಲಾಕಿಗೆ 5.50ರ ಸದ್ದಿನಿಂದ ಪ್ರಯೋಜನವಿಲ್ಲ. ಫೋನು ರಾತ್ರಿಯ ನಿಶ್ಶಬ್ದದಲ್ಲಿದ್ದರೆ ಅದು ಕೇಳಿಸುವುದೂ ಇಲ್ಲ. ಏಳುವುದಕ್ಕೆ ಅಲಾರಾಂ ಬೇರೆ ಇರಲಿ. ಕ್ಯಾಲೆಂಡರಿನ ನೆನಪನ್ನು ಎಂಟು ಗಂಟೆ ಮೊದಲಿಗೆ ಹಾಕಿ. ಆಗ ರಾತ್ರಿ ಹತ್ತಕ್ಕೆ ‘ನಾಳೆ ಆರಕ್ಕೆ: ಸೆಕ್ಯುರಿಟಿ ಗ್ರೂಪ್, ನೆಟ್‌ವರ್ಕ್ ಎಸಿಎಲ್’ ಎಂದು ಬರುತ್ತದೆ, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮಲಗುವುದಕ್ಕೆ ಅದು ಸರಿಯಾದ ಹೊತ್ತು.

ಆ ನೆನಪಿನಲ್ಲಿ ವಿಷಯದ ಹೆಸರು ಇರಬೇಕಾದರೆ ಬ್ಲಾಕಿನ ತಲೆಬರಹದಲ್ಲಿ ಅದು ಇರಬೇಕು. ಪುನರಾವರ್ತನೆಯ ಸರಣಿಗೆ ‘ಓದು’ ಎಂದು ಹೆಸರಿಟ್ಟು ಬಿಟ್ಟರೆ ಬೆಳಿಗ್ಗೆ ಮೊದಲ ಕಾಲು ಗಂಟೆ ಏನು ಓದುವುದು ಎಂದು ನಿರ್ಧರಿಸುವುದರಲ್ಲೇ ಹೋಗುತ್ತದೆ. ಭಾನುವಾರ ಹತ್ತು ನಿಮಿಷ ಕೂತು ಮುಂದಿನ ವಾರದ ಐದೂ ಬ್ಲಾಕುಗಳಿಗೆ ವಿಷಯ ಬರೆಯಿರಿ. ಬದಲಾವಣೆ ಉಳಿಸುವಾಗ This event ಎಂದೇ ಆರಿಸಿ, ಇಲ್ಲವಾದರೆ ಹತ್ತು ವಾರವೂ ನೆಟ್‌ವರ್ಕ್ ಎಸಿಎಲ್ ಆಗುತ್ತದೆ. ಸಮಯವನ್ನೇ ಕಾಯಂ ಆಗಿ ಬದಲಿಸುವುದಿದ್ದರೆ This and following events. ಔಟ್‌ಲುಕ್ ಬಳಸುವವರು ಇಲ್ಲಿ ಹುಷಾರಾಗಿರಬೇಕು: ಇಡೀ ಸರಣಿಯ ಪುನರಾವರ್ತನೆಯನ್ನು ಬದಲಿಸಿದರೆ ಬಿಡಿಬಿಡಿಯಾಗಿ ಮಾಡಿದ್ದ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೇ ನಾಲ್ಕಾರು ವಾರದ ವಿಷಯಗಳನ್ನು ಮುಂಚೆಯೇ ತುಂಬಿಡಬೇಡಿ, ವಾರದ್ದು ವಾರಕ್ಕೆ ಸಾಕು.

ಯಾವ ವಿಷಯಕ್ಕೆ ಎಷ್ಟು ಬ್ಲಾಕ್? ಪರೀಕ್ಷೆಯೇ ಉತ್ತರ ಕೊಟ್ಟಿದೆ. ಸುರಕ್ಷಿತ ವಿನ್ಯಾಸಕ್ಕೆ 30 ಶೇಕಡ, ಕುಸಿದರೂ ಚೇತರಿಸಿಕೊಳ್ಳುವ ವಿನ್ಯಾಸಕ್ಕೆ 26, ವೇಗದ ವಿನ್ಯಾಸಕ್ಕೆ 24, ಖರ್ಚು ಹಿಡಿತದಲ್ಲಿಡುವುದಕ್ಕೆ 20. ನಮ್ಮ 72 ಗಂಟೆಯಲ್ಲಿ ಕೊನೆಯ 15 ಗಂಟೆ ಅಣಕು ಪರೀಕ್ಷೆ ಮತ್ತು ತಪ್ಪು ತಿದ್ದುವುದಕ್ಕೆ: ನವೆಂಬರ್ 14ರ ಶನಿವಾರ, ಅದರ ಮುಂದಿನ ಇಡೀ ವಾರ, ಪರೀಕ್ಷೆಯ ವಾರದ ನಾಲ್ಕು ಬ್ಲಾಕು. ಉಳಿದ 57ರಲ್ಲಿ ಕೈಗೆ ಸಿಗುವುದು 45 ಎಂದು ಹಿಡಿದರೆ ಕ್ರಮವಾಗಿ ಹದಿಮೂರೂವರೆ, ಹನ್ನೊಂದೂ ಮುಕ್ಕಾಲು, ಹತ್ತೂ ಮುಕ್ಕಾಲು, ಒಂಬತ್ತು ಗಂಟೆ. ಡೆವಲಪರುಗಳು ಮೊದಲನೆಯದನ್ನು ಕಡೆಗಣಿಸುವುದು ಹೆಚ್ಚು. ಕೆಲಸದಲ್ಲಿ ಐಎಎಂ ಅನುಮತಿಗಳನ್ನು ಬೇರೆ ತಂಡ ನೋಡಿಕೊಳ್ಳುವುದರಿಂದ ಅದು ತಮ್ಮ ವಿಷಯವಲ್ಲ ಎನ್ನಿಸಿರುತ್ತದೆ, ಪರೀಕ್ಷೆಯಲ್ಲಿ ಅದೇ ದೊಡ್ಡ ಪಾಲು.

ಬೆಳಗಿನ 75 ನಿಮಿಷವನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ಹತ್ತು ನಿಮಿಷ ಹಿಂದಿನ ಬ್ಲಾಕಿನದನ್ನು ಪುಸ್ತಕ ನೋಡದೆ ಕಾಗದದ ಮೇಲೆ ಬರೆಯುವುದು. ಉದಾಹರಣೆಗೆ ಸೆಕ್ಯುರಿಟಿ ಗ್ರೂಪ್ ಒಳಬಂದದ್ದರ ಉತ್ತರವನ್ನು ತಾನೇ ಹೊರಬಿಡುತ್ತದೆ, ನೆಟ್‌ವರ್ಕ್ ಎಸಿಎಲ್‌ಗೆ ಹೊರಹೋಗುವ ನಿಯಮವನ್ನು ಬೇರೆ ಬರೆಯಬೇಕು, ಇಷ್ಟು. ಆಮೇಲೆ 40 ನಿಮಿಷ ಹೊಸದು. ನಂತರ 20 ನಿಮಿಷದಲ್ಲಿ ಹತ್ತು ಪ್ರಶ್ನೆ. ಪರೀಕ್ಷೆಯಲ್ಲಿ 130 ನಿಮಿಷಕ್ಕೆ 65 ಪ್ರಶ್ನೆ, ಅಂದರೆ ಒಂದಕ್ಕೆ ಎರಡು ನಿಮಿಷ. ಮೊದಲ ದಿನದಿಂದಲೇ ಆ ವೇಗ ಕೈಗೆ ಹತ್ತಲಿ. ಕೊನೆಯ ಐದು ನಿಮಿಷ ಮುಂದಿನ ಬ್ಲಾಕಿನಲ್ಲಿ ಎಲ್ಲಿಂದ ಶುರು ಎಂದು ಈವೆಂಟಿನ ವಿವರಣೆಯಲ್ಲೇ ಬರೆದಿಡುವುದು. ಬುಧವಾರದ 45 ನಿಮಿಷದಲ್ಲಿ ಹೊಸದೇನೂ ಓದಬೇಡಿ. ಆಫೀಸಿನಲ್ಲಿ ಯಾರಾದರೂ ಬಂದು ಹೆಗಲು ತಟ್ಟುವುದು ಇದ್ದದ್ದೇ, ಹಾಗಾಗಿ ನಡುವೆ ಎದ್ದರೂ ಕೆಡದ ಕೆಲಸ, ಅಂದರೆ ಬಿಡಿ ಪ್ರಶ್ನೆಗಳು, ಅಲ್ಲಿಗೆ ಸರಿ.

ಕೈಯಾರೆ ಮಾಡುವ ಲ್ಯಾಬನ್ನು ಬೆಳಗಿನ ಬ್ಲಾಕಿಗೆ ಹಾಕಿದರೆ ಕೆಡುತ್ತದೆ. ಆರ್‌ಡಿಎಸ್ ಡೇಟಾಬೇಸ್ ಎದ್ದು ನಿಲ್ಲುವುದಕ್ಕೇ ಹಲವು ನಿಮಿಷ ಬೇಕು, ಮಲ್ಟಿ-ಎಜೆಡ್ ಮಾಡಿ ಫೇಲ್‌ಓವರ್ ನೋಡುವುದೆಂದರೆ ಇನ್ನಷ್ಟು. 7.15ಕ್ಕೆ ಅರ್ಧದಲ್ಲಿ ಎದ್ದು ಹೋದವರು ಅದನ್ನು ಹಾಗೇ ಓಡಲು ಬಿಟ್ಟಿರುತ್ತಾರೆ. ಬಿಲ್ ಬರುವುದು ಇಲ್ಲಿಂದಲೇ: ನ್ಯಾಟ್ ಗೇಟ್‌ವೇಗೆ ಅದರ ಮೂಲಕ ಒಂದು ಬೈಟ್ ಹೋಗದಿದ್ದರೂ ಗಂಟೆಗಿಷ್ಟು ಎಂದು ಶುಲ್ಕ ಬೀಳುತ್ತಲೇ ಇರುತ್ತದೆ. ಆದ್ದರಿಂದ ಲ್ಯಾಬ್ ಶನಿವಾರಕ್ಕೆ ಮಾತ್ರ, ಅದೂ 9.45ರಿಂದ 10ರವರೆಗೆ ‘ಅಳಿಸು’ ಎಂಬ ಬೇರೆ ಈವೆಂಟ್ ಹಾಕಿಕೊಂಡು. ಅಳಿಸುವುದಕ್ಕೂ ಕ್ರಮವಿದೆ: ಮೊದಲು ನ್ಯಾಟ್ ಗೇಟ್‌ವೇ, ಅದು ಪೂರ್ತಿ ಹೋದ ಮೇಲೆ ಎಲಾಸ್ಟಿಕ್ ಐಪಿ ಬಿಡುಗಡೆ. ಗೇಟ್‌ವೇ ಅಳಿಸಿದ ಮಾತ್ರಕ್ಕೆ ಐಪಿ ಬಿಡುಗಡೆಯಾಗುವುದಿಲ್ಲ, ಅದಕ್ಕೂ ದುಡ್ಡು ಓಡುತ್ತಿರುತ್ತದೆ. ಆರ್‌ಡಿಎಸ್ ಅನ್ನು ಅಳಿಸದೆ ಬರೀ ನಿಲ್ಲಿಸಿದರೆ ಏಳು ದಿನಕ್ಕೆ ಅದು ತಾನೇ ಮತ್ತೆ ಶುರುವಾಗುತ್ತದೆ, ಸರಿಯಾಗಿ ಮುಂದಿನ ಶನಿವಾರ.

ಬ್ಲಾಕುಗಳು ನಡೆಯುತ್ತಿವೆಯೋ ಇಲ್ಲವೋ ತಿಳಿಯಲು ಬೇರೆ ಪಟ್ಟಿ ಬೇಡ, ಬಣ್ಣ ಸಾಕು. ನಡೆದದ್ದಕ್ಕೆ ಹಸಿರು, ಸ್ಟೆಪ್ನಿಗೆ ಸರಿದದ್ದಕ್ಕೆ ಹಳದಿ, ಹೋದದ್ದಕ್ಕೆ ಕೆಂಪು. ಹೋದ ಬ್ಲಾಕನ್ನು ಅಳಿಸುವ ಚಪಲ ಬರುತ್ತದೆ, ಅಳಿಸಬೇಡಿ. ಅಳಿಸಿದರೆ ತಿಂಗಳ ನೋಟದಲ್ಲಿ ಎಲ್ಲ ಹಸಿರೇ ಕಾಣುತ್ತದೆ, ಯಾವ ದಿನ ಸೋರುತ್ತಿದೆ ಎಂಬುದು ತಿಳಿಯುವುದಿಲ್ಲ. ಗುರುವಾರ ಎರಡು ವಾರ ಸಾಲಾಗಿ ಕೆಂಪಾಯಿತೆಂದರೆ ಅದು ಸೋಮಾರಿತನವಲ್ಲ, ಬುಧವಾರ ರಾತ್ರಿ ಏನೋ ಇದೆ. ನೋಡಿದರೆ ಸಾಮಾನ್ಯವಾಗಿ ರಾತ್ರಿಯ ಡಿಪ್ಲಾಯ್‌ಮೆಂಟೋ ಹನ್ನೊಂದರವರೆಗೆ ಎಳೆಯುವ ಮೀಟಿಂಗೋ ಇರುತ್ತದೆ. ಮೂರನೇ ವಾರಕ್ಕೆ ಕಾಯದೆ ಗುರುವಾರವನ್ನು ಶುಕ್ರವಾರಕ್ಕೆ ಕಾಯಂ ಆಗಿ ಸರಿಸಿ.

ಆನ್-ಕಾಲ್ ಪಾಳಿಯ ವಾರ ಮತ್ತು ಹಬ್ಬದ ವಾರಗಳನ್ನು ಮೊದಲ ದಿನವೇ ಗುರುತು ಹಾಕಿಕೊಳ್ಳಬೇಕು. ನಮ್ಮ ಅವಧಿಯಲ್ಲಿ ಅಕ್ಟೋಬರ್ ಮೂರನೇ ವಾರ ದಸರಾ, ನವೆಂಬರ್ ಎರಡನೇ ವಾರದ ಆಸುಪಾಸಿನಲ್ಲಿ ದೀಪಾವಳಿ. ಊರಿಗೆ ಹೋಗುವುದಿದ್ದರೆ ಆ ದಿನಗಳ ಬ್ಲಾಕನ್ನು ತೆಗೆದೇಬಿಡಿ. ಬಸ್ಸಿನಲ್ಲಿ ಓದುತ್ತೇವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆನ್-ಕಾಲ್ ವಾರದಲ್ಲಿ ಬ್ಲಾಕನ್ನು ತೆಗೆಯುವುದಲ್ಲ, ಹಗುರ ಮಾಡುವುದು: ಹೊಸ ವಿಷಯ ಬಿಟ್ಟು ಪ್ರಶ್ನೆ ಮಾತ್ರ. ರಾತ್ರಿ ಎರಡಕ್ಕೆ ಫೋನ್ ಬಂದ ಮರುದಿನ ಬೆಳಿಗ್ಗೆ ಕೆಎಂಎಸ್ ಕೀ ನೀತಿ ತಲೆಗೆ ಹತ್ತುವುದಿಲ್ಲ.

ಕೊನೆಯ ಮೂರು ಶನಿವಾರಗಳಲ್ಲಿ ಬ್ಲಾಕ್ ಪರೀಕ್ಷೆಯ ಆಕಾರಕ್ಕೆ ಬರುತ್ತದೆ. ನವೆಂಬರ್ 14 ಮತ್ತು 21ರಂದು 7ಕ್ಕೆ ಪೂರ್ಣ ಅಣಕು ಪರೀಕ್ಷೆ ಶುರು. 130 ನಿಮಿಷದವರಿಗೆ 9.10ಕ್ಕೆ ಮುಗಿಯುತ್ತದೆ, ಉಳಿದ 50 ನಿಮಿಷದಲ್ಲಿ ತಪ್ಪಾದದ್ದನ್ನು ನೋಡಬಹುದು. 160 ನಿಮಿಷದವರಿಗೆ 9.40 ಆಗುತ್ತದೆ, ಉಳಿದ 20 ನಿಮಿಷದಲ್ಲಿ ನೋಡುವುದು ಅರೆಬರೆಯಾಗುವುದರಿಂದ ಅದನ್ನು ಸೋಮವಾರದ ಬ್ಲಾಕಿಗೆ ಕೊಡಿ. ನಿಜವಾದ ಪರೀಕ್ಷೆಯನ್ನೂ ಬೆಳಗಿನ ಹೊತ್ತಿಗೇ, ಸಿಗುವುದರಲ್ಲಿ ಮೊದಲನೆಯದಕ್ಕೆ ಕಾದಿರಿಸಿದ್ದರೆ ಇಷ್ಟು ವಾರದ ಬೆಳಗಿನ ರೂಢಿ ಉಪಯೋಗಕ್ಕೆ ಬರುತ್ತದೆ. ಮನೆಯಿಂದ ಬರೆಯುವ ಅವಕಾಶವೂ ಇದೆ, ಆದರೆ ಆಗ ಕೋಣೆಗೆ ಯಾರೂ ಬರಬಾರದು. ಎರಡು ಕೋಣೆಯ ಮನೆಯಲ್ಲಿ ಮಕ್ಕಳಿದ್ದರೆ ಪರೀಕ್ಷಾ ಕೇಂದ್ರವೇ ವಾಸಿ.

ಅಣಕು ಪರೀಕ್ಷೆಯ ಶೇಕಡವನ್ನೂ ಉತ್ತೀರ್ಣದ ಅಂಕವನ್ನೂ ನೇರವಾಗಿ ಹೋಲಿಸಬೇಡಿ. ಪಾಸಾಗಲು 1000ಕ್ಕೆ 720 ಬೇಕು, ಆದರೆ ಅದು ಹದಗೊಳಿಸಿದ ಅಂಕ, 72 ಶೇಕಡ ಉತ್ತರ ಸರಿ ಎಂದಲ್ಲ. 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ, ಅವು ಯಾವುವು ಎಂದು ಹೇಳುವುದೂ ಇಲ್ಲ. ಮೊದಲ ಸಲ ನೋಡುತ್ತಿರುವ ಪ್ರಶ್ನೆಗಳಲ್ಲಿ ಎರಡೂ ಶನಿವಾರ 80 ಶೇಕಡದ ಆಸುಪಾಸು ಬಂದಿದ್ದರೆ ಮುಂದುವರಿಯಿರಿ. 65ರ ಕೆಳಗೆ ನಿಂತಿದ್ದರೆ ನವೆಂಬರ್ 22ರ ಭಾನುವಾರದ ಸ್ಟೆಪ್ನಿಯಲ್ಲಿ ಕೂತು ದಿನ ಮುಂದೂಡುವ ತೀರ್ಮಾನ ಮಾಡಿ. ಪರೀಕ್ಷೆಗೆ 24 ಗಂಟೆ ಮೊದಲಿನವರೆಗೆ ಮುಂದೂಡಬಹುದು, ಒಂದು ಪರೀಕ್ಷೆಯನ್ನು ಎರಡು ಸಲ ಮಾತ್ರ. ಬರೆದು ಹೋಗಿಸಿಕೊಂಡರೆ 14 ದಿನ ಕಾಯಬೇಕು, 150 ಡಾಲರ್ ಶುಲ್ಕವನ್ನು ತೆರಿಗೆ ಸಮೇತ ಮತ್ತೆ ಕಟ್ಟಬೇಕು. ಮುಂದೂಡಿದರೆ ಸರಣಿಯ ಕೊನೆಯ ದಿನಾಂಕವನ್ನೂ ಅದೇ ಕ್ಷಣ ಬದಲಿಸಿ, ಮ್ಯಾನೇಜರಿಗೆ ಹೊಸ ತಾರೀಕು ತಿಳಿಸಿ. ಇಲ್ಲದಿದ್ದರೆ ನವೆಂಬರ್ 28ಕ್ಕೆ ಬ್ಲಾಕುಗಳು ಮುಗಿದು, ಡಿಸೆಂಬರಿನ ಬುಧವಾರಗಳಿಗೆ ಅಷ್ಟರಲ್ಲೇ ಬೇರೆಯವರ ಮೀಟಿಂಗ್ ಬಿದ್ದಿರುತ್ತದೆ.